ಸಂಸ್ಥಾಪಕರ ಮೇಲಿನ ದೂರನ್ನು ಸಂಸ್ಥಾಪಕರೇ ಕೇಳುವುದು ನಿಲ್ಲಲಿ: ಮನವಿ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಆಯುಕ್ತರು,
ಕರ್ನಾಟಕ ಸರ್ಕಾರ, ಕಾರ್ಮಿಕ ಭವನ,
ಬನ್ನೇರುಘಟ್ಟ ರಸ್ತೆ, ಬೆಂಗಳೂರು

ಇವರಿಂದ,
ನಗರದ ಸ್ಟಾರ್ಟ್‌ಅಪ್ ಒಂದರ ನೌಕರರು

ವಿಷಯ: ಎಚ್‌ಆರ್ ಇಲ್ಲದ ಸ್ಟಾರ್ಟ್‌ಅಪ್‌ಗಳಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ರಚಿಸುವಂತೆ ಕ್ರಮ ಕೈಗೊಳ್ಳುವ ಬಗ್ಗೆ.

ಮಾನ್ಯರೇ,

ಮೂವತ್ತಕ್ಕೂ ಹೆಚ್ಚು ಮಂದಿ ದುಡಿಯುವ ನಮ್ಮ ಕಂಪನಿಯಲ್ಲಿ ಎಚ್‌ಆರ್ ವಿಭಾಗವಿಲ್ಲ. ಸಂಬಳದ ಲೆಕ್ಕ ನೋಡುವವರೇ ರಜೆಯನ್ನೂ ಬರೆದುಕೊಳ್ಳುತ್ತಾರೆ. ನಿಯಮಗಳು ಬರುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಅದೂ ಹೆಚ್ಚಾಗಿ ರಾತ್ರಿ ಹೊತ್ತು. ಬೆಳಗಿನ ಮೀಟಿಂಗ್‌ಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್ ಎಂಬ ನಿಯಮ ಹೀಗೆಯೇ ಬಂತು. ಗೈರಿಗೆ ಕಡಿತ ಮಾಡುವುದಾದರೆ ಗೈರಾದ ಸಮಯಕ್ಕೆ ತಕ್ಕಷ್ಟೇ ಮಾಡಬೇಕೆಂದು ವೇತನ ಸಂಹಿತೆ, 2019 ಹೇಳುತ್ತದೆ.

ಈಚೆಗೆ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಸಹೋದ್ಯೋಗಿಯೊಬ್ಬರ ಮೇಲೆ ಸಂಸ್ಥಾಪಕರು ಎಲ್ಲರೆದುರು ಕೂಗಾಡಿ, ‘ನಾಳೆಯಿಂದ ಬರಬೇಡ’ ಎಂದರು. ಸಂಜೆಯೊಳಗೆ ಅವರ ಲಾಗಿನ್ ಬಂದ್ ಆಯಿತು. ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದರು. ಆರು ತಿಂಗಳು ಸತತ ಸೇವೆ ಮುಗಿಸಿದವರನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲವೆಂದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಂನಲ್ಲಿದೆ. ಆದರೆ ಲಿಖಿತ ಆದೇಶವೇ ಇಲ್ಲದಿರುವುದರಿಂದ, ‘ಅವರೇ ಬಿಟ್ಟು ಹೋದರು’ ಎನ್ನಲು ಕಂಪನಿಗೆ ಅಡ್ಡಿಯಿಲ್ಲ.

ಬರೀ ಕೂಗಾಟವನ್ನು ಅಪರಾಧವೆನ್ನುವ ಕಾರ್ಮಿಕ ಕಾನೂನು ಇಲ್ಲವೆಂಬುದು ನಮಗೆ ಗೊತ್ತು. ಆದ್ದರಿಂದಲೇ ಕುಂದುಕೊರತೆ ನಿವಾರಣಾ ಸಮಿತಿ ಮುಖ್ಯ. 2024ರಲ್ಲಿ ಐಟಿ ಸಂಸ್ಥೆಗಳಿಗೆ ಹಾಗೂ ಸ್ಟಾರ್ಟ್‌ಅಪ್‌ಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಮುಂದುವರಿಸುವಾಗ ಸರ್ಕಾರವೇ ಈ ಸಮಿತಿಯ ಷರತ್ತು ಹಾಕಿತ್ತು. ಕೆಲಸದಿಂದ ತೆಗೆದರೆ ಇಲಾಖೆಗೆ ತಿಳಿಸಬೇಕೆಂಬುದೂ ಆ ಷರತ್ತುಗಳಲ್ಲಿತ್ತು. ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಕೂಡ 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಎರಡೂ ಕಡೆಯ ಸಮ ಸಂಖ್ಯೆಯ ಪ್ರತಿನಿಧಿಗಳ ಸಮಿತಿ ಇರಬೇಕೆನ್ನುತ್ತದೆ. ನಮ್ಮಲ್ಲಿ ಸಮಿತಿಯಿಲ್ಲ. ಇದ್ದರೂ ಮಾಲೀಕರ ಕಡೆ ಕೂರುವವರು ಕೂಗಾಡಿದವರೇ.

ಲೈಂಗಿಕ ಕಿರುಕುಳದ ವಿಷಯದಲ್ಲಿ 2013ರ ಕಾಯ್ದೆ ಇದಕ್ಕೆ ದಾರಿ ಮಾಡಿದೆ: ಮಾಲೀಕರ ಮೇಲೆಯೇ ದೂರಿದ್ದರೆ ಅದು ಕಂಪನಿಯ ಒಳಸಮಿತಿಗಲ್ಲ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಉಳಿದ ದೂರುಗಳಿಗೂ ಇಂಥದ್ದೇ ದಾರಿ ಬೇಕು. ಸಂಸ್ಥಾಪಕರ ಮೇಲಿನ ದೂರನ್ನು ಆಯಾ ವ್ಯಾಪ್ತಿಯ ಕಾರ್ಮಿಕ ಅಧಿಕಾರಿ ನೇರವಾಗಿ ಸ್ವೀಕರಿಸುವಂತೆ ಸುತ್ತೋಲೆ ಹೊರಡಿಸಬೇಕು. ಆ ಅಧಿಕಾರಿಯ ಹೆಸರು, ವಿಳಾಸ ಪ್ರತಿ ಕಚೇರಿಯ ಗೋಡೆಯ ಮೇಲಿರಬೇಕು. ನಮ್ಮ ಕಂಪನಿಯಿಂದ ಸಮಿತಿ ರಚನೆಯ ದಾಖಲೆ ಮತ್ತು ಕೆಲಸದಿಂದ ತೆಗೆದವರ ವಿವರ ತರಿಸಿಕೊಳ್ಳಬೇಕು. ಸಂಬಳ ಕಡಿತದ ಸಂದೇಶಗಳ ಪ್ರತಿಯನ್ನು ಲಗತ್ತಿಸಿದ್ದೇವೆ.

ನಮ್ಮ ಹೆಸರು, ಸಹಿ ಹಾಗೂ ಕಂಪನಿಯ ವಿಳಾಸ ಮುಚ್ಚಿದ ಲಕೋಟೆಯಲ್ಲಿವೆ. ತಪಾಸಣೆಗೆ ಬರುವಾಗ ದೂರು ಕೊಟ್ಟವರು ಯಾರೆಂದು ಹೇಳಬಾರದೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ನೊಂದ ನೌಕರರು