ಕೊಂಡವನೇ ಕಟ್ಟುವ ತೆರಿಗೆ

ವಿದೇಶೀ ಕಂಪನಿಯಿಂದ ಸಾಫ್ಟ್‌ವೇರನ್ನು ಮಾಸಿಕ ಚಂದಾದ ಮೇಲೆ ಪಡೆಯುವ ಸಣ್ಣ ಉದ್ಯಮಿಯು, ಬಂದ ಬಿಲ್ಲಿನಲ್ಲಿ ತೆರಿಗೆಯ ಅಂಕಣ ಶೂನ್ಯವಾಗಿರುವುದನ್ನು ಕಂಡು ಈ ಖರೀದಿಗೆ ತೆರಿಗೆಯೇ ಇಲ್ಲವೆಂದು ಭಾವಿಸುವುದು ಸಹಜ. ಆದರೆ 2017ರ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯು ಇಂತಹ ಸೇವೆಯನ್ನು ಆಮದೆಂದು ಗಣಿಸಿ, ಮಾರಿದವನು ನಮ್ಮ ಕಾನೂನಿನ ಕೈಗೆ ಸುಲಭವಾಗಿ ಸಿಗದವನಾದುದರಿಂದ, ತೆರಿಗೆ ಕಟ್ಟುವ ಹೊಣೆಯನ್ನು ಕೊಂಡವನ ಮೇಲೆಯೇ ಹೊರಿಸಿದೆ. ರಿವರ್ಸ್ ಚಾರ್ಜ್ ಎಂದು ವರ್ತಕರೂ ಲೆಕ್ಕಿಗರೂ ಕರೆಯುವ ಪದ್ಧತಿ ಇದೇ.

ಇದರ ಉದ್ದೇಶವನ್ನು ಆಕ್ಷೇಪಿಸುವಂತಿಲ್ಲ. ಬೆಂಗಳೂರಿನ ಸಂಸ್ಥೆಯೊಂದು ತನ್ನ ಸಾಫ್ಟ್‌ವೇರಿಗೆ ಶೇ 18ರ ತೆರಿಗೆ ಕೂಡಿಸಿ ಮಾರಬೇಕಾಗಿರುವಾಗ, ಹೊರದೇಶದ ಪ್ರತಿಸ್ಪರ್ಧಿಯು ತೆರಿಗೆಯ ಸೋಂಕಿಲ್ಲದೆ ಇಲ್ಲಿ ಮಾರುವುದಾದರೆ ಸ್ವದೇಶೀಯನಿಗೆ ಅನ್ಯಾಯವಾದೀತು. ಆಕ್ಷೇಪವಿರುವುದು ಅದನ್ನು ವಸೂಲು ಮಾಡುವ ವಿಧಾನದಲ್ಲಿ.

ಹುಬ್ಬಳ್ಳಿಯ ಒಂದು ಸಣ್ಣ ವಿನ್ಯಾಸ ಕಚೇರಿಯನ್ನು ಊಹಿಸೋಣ. ಅದು ಜಿಎಸ್‌ಟಿಯಲ್ಲಿ ನೋಂದಾಯಿತವಾಗಿದೆ. ತಿಂಗಳಿಗೆ 60 ಡಾಲರಿನ ಚಂದಾ ತೆರುತ್ತದೆ. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಬೆಲೆ 5,100 ರೂಪಾಯಿ, ತೆರಿಗೆ 918 ರೂಪಾಯಿ. ಕಚೇರಿಯು ತನಗೆ ತಾನೇ ಒಂದು ಇನ್‌ವಾಯ್ಸ್ ಬರೆದುಕೊಂಡು, ಜಿಎಸ್‌ಟಿಆರ್-3ಬಿ ರಿಟರ್ನಿನ 3.1(d) ಕೋಷ್ಟಕದಲ್ಲಿ ಈ ಹೊಣೆಯನ್ನು ನಮೂದಿಸಿ, 918 ರೂಪಾಯಿಯನ್ನು ನಗದು ಖಾತೆಯಿಂದಲೇ ಕಟ್ಟತಕ್ಕದ್ದು. ಇನ್‌ಪುಟ್ ಕ್ರೆಡಿಟ್ ಎಷ್ಟೇ ಸಂಚಯವಾಗಿದ್ದರೂ ಅದನ್ನು ಇಲ್ಲಿಗೆ ಬಳಸುವಂತಿಲ್ಲ. ಏಕೆಂದರೆ ಕ್ರೆಡಿಟ್ಟನ್ನು ಔಟ್‌ಪುಟ್ ತೆರಿಗೆಗೆ ಮಾತ್ರ ಬಳಸಬಹುದು. ಆ ಪದದ ವ್ಯಾಖ್ಯೆಯಿಂದಲೇ ಕಾಯ್ದೆಯು ರಿವರ್ಸ್ ಚಾರ್ಜನ್ನು ಹೊರಗಿಟ್ಟಿದೆ. ಹೀಗೆ ಕಟ್ಟಿದ 918 ರೂಪಾಯಿಯನ್ನು ಅದೇ ರಿಟರ್ನಿನ 4(A)(2) ಸಾಲಿನಲ್ಲಿ ಕ್ರೆಡಿಟ್ಟಾಗಿ ಪಡೆಯಬಹುದು. ಬೊಕ್ಕಸಕ್ಕೆ ಕೊನೆಗೆ ಉಳಿದುದು ಏನೂ ಇಲ್ಲ. ಕಚೇರಿಗೆ ಉಳಿದುದು ಬರೆಹದ ಶ್ರಮ. ಇದನ್ನು ಮರೆತು ವರ್ಷಗಳ ನಂತರ ನೋಟಿಸು ಬಂದಾಗ ತೆರಿಗೆಯು ಕ್ರೆಡಿಟ್ಟಾಗಿ ಮರಳಬಹುದಾದರೂ, ವರ್ಷಕ್ಕೆ ಶೇ 18ರ ಬಡ್ಡಿ ಮಾತ್ರ ಮರಳುವುದಿಲ್ಲ.

ಇದಕ್ಕಿಂತ ಹೆಚ್ಚಿನ ನಷ್ಟ ಚಂದಾದಾರನ ಖಾತೆಯ ಒಂದು ಖಾಲಿ ಚೌಕದಿಂದ ಉಂಟಾಗುತ್ತದೆ. ಅಲ್ಲಿ ತನ್ನ ಜಿಎಸ್‌ಟಿ ಸಂಖ್ಯೆಯನ್ನು ತುಂಬದ ಉದ್ಯಮಿಯನ್ನು ವಿದೇಶೀ ಕಂಪನಿಯು ನೋಂದಣಿಯಿಲ್ಲದ ಗ್ರಾಹಕನೆಂದು ಬಗೆದು, 918 ರೂಪಾಯಿಯನ್ನು ತಾನೇ ವಸೂಲು ಮಾಡಿ ನಮ್ಮ ಸರ್ಕಾರಕ್ಕೆ ಕಟ್ಟುತ್ತದೆ. ಆ ಮೊತ್ತಕ್ಕೆ ಕ್ರೆಡಿಟ್ ದೊರೆಯದು; ನೋಂದಾಯಿತನಾದುದರಿಂದ ಕಾನೂನಿನಂತೆ ಅವನ ರಿವರ್ಸ್ ಚಾರ್ಜಿನ ಹೊಣೆಯೂ ತಪ್ಪದು. ಬಿಲ್ಲನ್ನು ನೋಡಿದರೆ ಇದು ತಿಳಿಯುತ್ತದೆ: ಮಾರಿದವನ ಜಿಎಸ್‌ಟಿ ಸಂಖ್ಯೆ 99ರಿಂದ ಆರಂಭವಾಗಿ ಅದರಡಿ ತೆರಿಗೆ ಕಾಣಿಸಿದ್ದರೆ ಅದು ಹೊರದೇಶದಿಂದ ಬಂದ ಬಿಲ್ಲು, ಚೌಕ ಖಾಲಿಯಿದೆಯೆಂಬುದರ ಗುರುತು; 29ರಂತಹ ರಾಜ್ಯಸೂಚಕ ಅಂಕಿಯಿದ್ದರೆ ಕಂಪನಿಯ ಭಾರತೀಯ ಶಾಖೆಯೇ ಮಾರಿದೆ, ಅಲ್ಲಿ ರಿವರ್ಸ್ ಚಾರ್ಜಿನ ಪ್ರಶ್ನೆಯೇ ಏಳದು.

ಹಾಗಾದರೆ ಈ ತೆರಿಗೆಯನ್ನು ನಿಜವಾಗಿ ಹೊರುವವರು ಯಾರು? ಕ್ರೆಡಿಟ್ಟಿನ ಹಕ್ಕಿಲ್ಲದವರು. ಕಾಂಪೊಸಿಷನ್ ಯೋಜನೆಯ ವ್ಯಾಪಾರಿಯು ತನ್ನ ಮಾರಾಟದ ಮೇಲೆ ಅಲ್ಪದರದ ತೆರಿಗೆ ಕಟ್ಟಿದರೂ ವಿದೇಶೀ ಚಂದಾದ ಮೇಲೆ ಪೂರ್ಣ ಶೇ 18ನ್ನು ತೆರಬೇಕು. ಅದು ಅವನಿಗೆ ಕೇವಲ ಖರ್ಚು. ನೋಂದಣಿಯೇ ಇಲ್ಲದವನ ಗತಿ 2023ರ ಅಕ್ಟೋಬರ್ 1ರವರೆಗೆ ಇನ್ನೂ ವಿಚಿತ್ರವಾಗಿತ್ತು: ವ್ಯವಹಾರಕ್ಕಾಗಿ ಒಂದು ಚಂದಾ ಕೊಂಡರೂ, ವಹಿವಾಟು ಮಿತಿಯ ಕೆಳಗಿದ್ದರೂ, ನೋಂದಣಿ ಕಡ್ಡಾಯವಾಗುತ್ತಿತ್ತು. ಆ ದಿನದಿಂದ ಜಾರಿಗೆ ಬಂದ ತಿದ್ದುಪಡಿಯು, ಅಂತರಜಾಲದ ಮೂಲಕ ಒದಗುವ ಇಂತಹ ಸೇವೆಗಳ ಮಟ್ಟಿಗೆ, ಅವನ ಹೊಣೆಯನ್ನು ವಿದೇಶೀ ಕಂಪನಿಗೆ ವರ್ಗಾಯಿಸಿತು.

ಅದೇ ವಿವೇಕವನ್ನು ಶಾಸಕರು ಇನ್ನೊಂದು ಹೆಜ್ಜೆ ಮುಂದೊಯ್ಯಬಹುದು. ಯೂರೋಪಿನ ಒಕ್ಕೂಟದಲ್ಲಿ ಪೂರ್ಣ ಕ್ರೆಡಿಟ್ಟಿನ ಹಕ್ಕುಳ್ಳ ವರ್ತಕನು ರಿವರ್ಸ್ ಚಾರ್ಜಿನ ತೆರಿಗೆಯನ್ನು ಒಂದೇ ರಿಟರ್ನಿನಲ್ಲಿ ತೋರಿಸಿ ಅಲ್ಲಿಯೇ ಕಳೆದುಕೊಳ್ಳುತ್ತಾನೆ. ಹಣ ಚಲಿಸುವುದಿಲ್ಲ, ಲೆಕ್ಕ ಮಾತ್ರ ಉಳಿಯುತ್ತದೆ. ನಗದು ಕಟ್ಟಿದಲ್ಲದೆ ಕ್ರೆಡಿಟ್ ಕೊಡಕೂಡದೆಂಬ ನಮ್ಮ ನಿಯಮಕ್ಕೆ ಸುಳ್ಳು ಕ್ರೆಡಿಟ್ಟಿನ ಭಯ ಕಾರಣವಿರಬಹುದು. ಆದರೆ ಹೊಣೆಯೂ ಹಕ್ಕೂ ಒಂದೇ ಮೊತ್ತದವಾಗಿ ಒಂದೇ ಕೈಯಲ್ಲಿರುವಾಗ ಆ ಭಯಕ್ಕೆ ಆಸ್ಪದ ಕಡಿಮೆ. ಪೂರ್ಣ ಕ್ರೆಡಿಟ್ಟುಳ್ಳವರ ಸೇವಾ ಆಮದಿನ ಮಟ್ಟಿಗಾದರೂ ಕ್ರೆಡಿಟ್ ಖಾತೆಯಿಂದ ಪಾವತಿಗೆ ಅವಕಾಶವಿತ್ತರೆ ಬೊಕ್ಕಸದ ಅಂತಿಮ ಆದಾಯವು ಕುಗ್ಗದು. ಚಂದಾದ ಹಣಕ್ಕೂ ತೆರಿಗೆಯ ಹಣಕ್ಕೂ ಒಂದೇ ತಿಂಗಳಲ್ಲಿ ದಾರಿ ಹುಡುಕಬೇಕಾದ ಸಣ್ಣ ಕಚೇರಿಗಳ ಇಕ್ಕಟ್ಟು ಮಾತ್ರ ನೀಗೀತು.