ಅಡ್ಮಿಶನ್ ಪೋಸ್ಟರ್‌ನ ಮೂರು ಸಾಲು

ದುಬೈ, ಶಾರ್ಜಾ, ಅಜ್ಮಾನ್ ಕಡೆ ಇರುವವರು ಈ ಪೋಸ್ಟರನ್ನು ಗ್ರೋಸರಿ ಅಂಗಡಿಯ ಗಾಜಿನ ಮೇಲೋ, ಬಿಲ್ಡಿಂಗ್‌ನ ಲಿಫ್ಟ್ ಪಕ್ಕದಲ್ಲೋ ನೋಡಿಯೇ ಇರುತ್ತೀರಿ. ಏಪ್ರಿಲ್‌ನಲ್ಲಿ ತರಗತಿ ಶುರು ಮಾಡುವ ಇಂಡಿಯನ್ ಶಾಲೆಗಳ ಪೋಸ್ಟರ್ ಕೆಳಗಿನ ಒಕ್ಕಣೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಅಡ್ಮಿಶನ್ ಆರಂಭ, 2026-27
ವಯಸ್ಸು: 2026ರ ಮಾರ್ಚ್ 31ಕ್ಕೆ ಕೆ.ಜಿ. 1ಕ್ಕೆ 4, ಕೆ.ಜಿ. 2ಕ್ಕೆ 5, ಗ್ರೇಡ್ 1ಕ್ಕೆ 6 ವರ್ಷ ತುಂಬಿರಬೇಕು.
ದಾಖಲೆ: ಮಗು ಮತ್ತು ತಂದೆ-ತಾಯಿಯ ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ, ಜನನ ಪ್ರಮಾಣಪತ್ರ, ಲಸಿಕೆ ಕಾರ್ಡ್, ಫೋಟೊ. ಗ್ರೇಡ್ 2 ಮತ್ತು ಮೇಲಿನವರಿಗೆ ಟಿ.ಸಿ.
ಕಚೇರಿ ಸಮಯ: ಸೋಮವಾರದಿಂದ ಗುರುವಾರ ಬೆಳಿಗ್ಗೆ 8ರಿಂದ 2, ಶುಕ್ರವಾರ 8ರಿಂದ 11. ಶನಿವಾರ, ಭಾನುವಾರ ರಜೆ.

ಮೂರೇ ಸಾಲು. ಓದಿದರೆ ಎಲ್ಲ ಅರ್ಥವಾದ ಹಾಗೆ ಅನಿಸುತ್ತದೆ. ಆದರೆ ಮೊದಲ ಸಾಲಿನಲ್ಲಿ ಮಗುವಿನ ಒಂದು ವರ್ಷ ಇದೆ, ಎರಡನೆಯದರಲ್ಲಿ ಊರಿಗೆ ಇನ್ನೊಂದು ಸಲ ಓಡಾಡುವ ಖರ್ಚಿದೆ, ಮೂರನೆಯದರಲ್ಲಿ ನಿಮ್ಮ ಅರ್ಧ ದಿನದ ಸಂಬಳ ಇದೆ. ಹಾಗಾಗಿ ಈ ತಿಂಗಳು ಒಂದೊಂದೇ ಸಾಲು ಬಿಡಿಸಿ ನೋಡೋಣ.

ಒಂದು ಮನೆಯ ಲೆಕ್ಕ ಇಟ್ಟುಕೊಳ್ಳಿ. ಅಪ್ಪ ಶಾರ್ಜಾದಲ್ಲಿ ಎ.ಸಿ. ಟೆಕ್ನಿಶಿಯನ್. ಫ್ಯಾಮಿಲಿ ವೀಸಾ ಆಗಿದೆ, ಹೆಂಡತಿ ಮಕ್ಕಳು ಹಾಸನದಿಂದ ಬರಬೇಕು. ಮಗ ಹುಟ್ಟಿದ್ದು 2022ರ ಏಪ್ರಿಲ್ 12ಕ್ಕೆ. ಮಗಳು ಊರಲ್ಲಿ ಮೂರನೇ ತರಗತಿ ಓದುತ್ತಿದ್ದಾಳೆ.

ಮೊದಲು ಮಗನ ವಯಸ್ಸು. 2026ರ ಮಾರ್ಚ್ 31ಕ್ಕೆ ಅವನಿಗೆ 4 ತುಂಬಲು ಇನ್ನೂ 12 ದಿನ ಬೇಕು. ಊರಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ಆಗಿರಬೇಕು ಅನ್ನುವ ನಿಯಮ ಇದೆಯಲ್ಲ, ಅದನ್ನೇ ಹಿಂದಕ್ಕೆ ಎಣಿಸಿದರೆ ಎಲ್.ಕೆ.ಜಿ.ಗೆ ಜೂನ್ 1ಕ್ಕೆ 4. ಆ ಲೆಕ್ಕದಲ್ಲಿ ಹುಡುಗ ಹಾಸನದಲ್ಲಿ ಈ ಜೂನ್‌ಗೇ ಎಲ್.ಕೆ.ಜಿ. ಸೇರಬಹುದು. ಇಲ್ಲಿ ಕೆ.ಜಿ. 1ಕ್ಕೆ 2027ರ ಏಪ್ರಿಲ್‌ವರೆಗೆ ಕಾಯಬೇಕು. ಮುಂದೆ ಒಂದನೇ ತರಗತಿಯೂ ಅಷ್ಟೇ: ಊರಲ್ಲಾದರೆ 2028ರ ಜೂನ್, ಇಲ್ಲಾದರೆ 2029ರ ಏಪ್ರಿಲ್. ಏಪ್ರಿಲ್ 1ರಿಂದ ಜೂನ್ 1ರ ಒಳಗೆ ಹುಟ್ಟಿದ ಎಲ್ಲ ಮಕ್ಕಳದ್ದೂ ಇದೇ ಕಥೆ. ಮಾರ್ಚ್‌ನಲ್ಲಿ ಹುಟ್ಟಿದವರಿಗೂ ಜುಲೈನಲ್ಲಿ ಹುಟ್ಟಿದವರಿಗೂ ಈ ವ್ಯತ್ಯಾಸ ಇಲ್ಲ.

"ಹನ್ನೆರಡು ದಿನ ತಾನೇ ಸರ್, ಸ್ವಲ್ಪ ನೋಡಿ" ಅಂತ ಪ್ರಿನ್ಸಿಪಾಲರನ್ನು ಕೇಳಿ ಪ್ರಯೋಜನ ಇಲ್ಲ. ಮಗುವಿನ ಹೆಸರು ಆಯಾ ಎಮಿರೇಟ್‌ನ ಶಿಕ್ಷಣ ಪ್ರಾಧಿಕಾರದ ದಾಖಲೆಗೂ ಹೋಗಬೇಕು. ದುಬೈನಲ್ಲಿ ಅದು ಕೆ.ಎಚ್.ಡಿ.ಎ., ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಎಸ್.ಪಿ.ಇ.ಎ. ಹುಟ್ಟಿದ ದಿನಾಂಕ ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿಯಲ್ಲಿ ಇರುವುದೇ.

ಹಾಗಾದರೆ ಪಕ್ಕದ ಫ್ಲಾಟ್‌ನ ಅದೇ ವಯಸ್ಸಿನ ಹುಡುಗನಿಗೆ ಸೀಟು ಸಿಕ್ಕಿತಲ್ಲ ಅಂತ ನೀವು ಕೇಳಬಹುದು. ಅವನು ಸೇರಿದ್ದು ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ಶಾಲೆಗೆ ಇರಬೇಕು. ಅಂಥ ಶಾಲೆಗಳಿಗೆ 2026-27ರಿಂದ ಡಿಸೆಂಬರ್ 31ರ ವಯಸ್ಸಿನ ಲೆಕ್ಕ. ಏಪ್ರಿಲ್ ಶಾಲೆಗಳಿಗೆ ಮಾರ್ಚ್ 31ರ ಲೆಕ್ಕವೇ ಉಳಿದಿದೆ. ಆದ್ದರಿಂದ ಪೋಸ್ಟರ್‌ನಲ್ಲಿ "4 ವರ್ಷ" ಅನ್ನುವುದಕ್ಕಿಂತ ಅದರ ಹಿಂದಿನ ದಿನಾಂಕವನ್ನು ಮೊದಲು ನೋಡಿ. ನಮ್ಮ ಟೆಕ್ನಿಶಿಯನ್ ಮುಂದೆ ಎರಡು ದಾರಿ ಇವೆ. ಪ್ರಿ-ಕೆ.ಜಿ. ಇರುವ ಏಪ್ರಿಲ್ ಶಾಲೆಗೆ ಮಗನನ್ನು ಈಗ ಸೇರಿಸುವುದು ಒಂದು. ಆ ಫೀಸು ಉಳಿಸಿ ಒಂದು ವರ್ಷ ಮನೆಯಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಎರಡರಲ್ಲೂ ಅವನು ಕೆ.ಜಿ. 1 ಸೇರುವುದು 2027ಕ್ಕೇ. ಆಗಸ್ಟ್ ಶಾಲೆ ಮೂರನೇ ದಾರಿ, ಆದರೆ ಅಲ್ಲಿ ಸಾಮಾನ್ಯವಾಗಿ ಪಠ್ಯಕ್ರಮ, ಫೀಸು ಎರಡೂ ಬೇರೆ.

ಈಗ ಎರಡನೇ ಸಾಲು. ಪಾಸ್‌ಪೋರ್ಟ್, ವೀಸಾ, ಐಡಿ ಎಲ್ಲ ಇಲ್ಲೇ ಇರುತ್ತವೆ. ತಡ ಮಾಡುವುದು ಕೊನೆಯಲ್ಲಿ ಬರೆದಿರುವ ಟಿ.ಸಿ. ಮೂರು ಮುಗಿಸಿ ನಾಲ್ಕಕ್ಕೆ ಸೇರುವ ಮಗಳಿಗೆ ಅದು ಬೇಕೇ ಬೇಕು. ಊರಿನ ಶಾಲೆಯ ಹೆಡ್‌ಮಾಸ್ಟರ್ ಸಹಿಯಷ್ಟೇ ಇದ್ದರೆ ಸಾಲದು. ಶಿಕ್ಷಣ ಇಲಾಖೆಯ ಮೇಲುಸಹಿ ಆಗಬೇಕು, ಅದಕ್ಕೆ ಬಿ.ಇ.ಒ. ಕಚೇರಿಗೆ ಹೋಗಬೇಕು. ಆಮೇಲೆ ಭಾರತದ ವಿದೇಶಾಂಗ ಇಲಾಖೆಯ ಮುದ್ರೆ, ಯು.ಎ.ಇ. ರಾಯಭಾರ ಕಚೇರಿಯ ಮುದ್ರೆ. ಮೂಲ ಪ್ರತಿ ಊರಿನಿಂದಲೇ ಈ ದಾರಿ ಹಿಡಿದರೆ ಸಲೀಸು. ಎಲ್ಲರೂ ವಿಮಾನ ಹತ್ತಿ ಬಂದ ಮೇಲೆ ಅದನ್ನು ಮತ್ತೆ ಕೊರಿಯರ್ ಮಾಡಿ, ಮಾವನನ್ನೋ ಅಣ್ಣನನ್ನೋ ಬಿ.ಇ.ಒ. ಕಚೇರಿಗೆ ಓಡಾಡಿಸುವುದು ದೊಡ್ಡ ತಾಪತ್ರಯ.

ಮುದ್ರೆಗೆ ಕಳಿಸುವ ಮೊದಲು ಟಿ.ಸಿ.ಯಲ್ಲಿ ಎರಡು ವಿಷಯ ನೋಡಿ. ಒಂದು, ಹೆಸರು. ನಮ್ಮ ಊರಿನ ಶಾಲೆಗಳಲ್ಲಿ "ಅನನ್ಯ ಎಂ." ಅಂತ ಇನಿಶಿಯಲ್ ಹಾಕಿ ಬರೆಯುತ್ತಾರೆ, ಪಾಸ್‌ಪೋರ್ಟ್‌ನಲ್ಲಿ "ಅನನ್ಯ ಮಂಜುನಾಥ" ಅಂತ ಇರುತ್ತದೆ. ನಮಗೆ ಎರಡೂ ಒಂದೇ, ಇಲ್ಲಿನ ಕೌಂಟರ್‌ನಲ್ಲಿ ಕೂತವರಿಗೆ ಅವು ಇಬ್ಬರು ಮಕ್ಕಳು. ಪಾಸ್‌ಪೋರ್ಟ್ ಪ್ರತಿ ಕೊಟ್ಟು ಅದೇ ಅಕ್ಷರಗಳಲ್ಲಿ ಬರೆಸಿಕೊಳ್ಳಿ. ಮುದ್ರೆ ಬಿದ್ದ ಮೇಲೆ ತಿದ್ದಿದರೆ ಮೊದಲಿನಿಂದ ಎಲ್ಲ ಮತ್ತೆ ಮಾಡಿಸಬೇಕು. ಎರಡನೆಯದು, "ಮೂರನೇ ತರಗತಿ ತೇರ್ಗಡೆಯಾಗಿ ನಾಲ್ಕಕ್ಕೆ ಬಡ್ತಿ" ಅನ್ನುವ ಮಾತು ಸ್ಪಷ್ಟವಾಗಿ ಇರಬೇಕು. ಫಲಿತಾಂಶಕ್ಕೆ ಮುಂಚೆಯೇ ಅವಸರದಲ್ಲಿ ತಂದ ಟಿ.ಸಿ.ಯಲ್ಲಿ "ಮೂರನೇ ತರಗತಿಯಲ್ಲಿ ಓದುತ್ತಿದ್ದಾಳೆ" ಅಂತ ಮಾತ್ರ ಇದ್ದರೆ, ಮೂರು ಮುಗಿದಿದೆ ಅನ್ನುವುದಕ್ಕೆ ಆಧಾರ ಇರುವುದಿಲ್ಲ. ಇಲ್ಲಿ ತರಗತಿ ಏಪ್ರಿಲ್ ಮೊದಲಲ್ಲೇ ಶುರುವಾದರೂ ಅಮ್ಮ ಮಕ್ಕಳು ಊರಿನ ಫಲಿತಾಂಶ ಬರುವ ತನಕ ಕಾದು ಬರುವುದೇ ವಾಸಿ. ಸೀಟು ಅಲ್ಲಿಯವರೆಗೆ ಹಿಡಿದಿಡುತ್ತಾರಾ ಅಂತ ಶಾಲೆಯವರನ್ನು ಮೊದಲೇ ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ತರಿಸಿಕೊಳ್ಳಿ.

ಇನ್ನು ಕಚೇರಿ ಸಮಯ. ಸೈಟ್ ಕೆಲಸದವರಿಗೆ ಸಿಗುವ ರಜೆ ಸಾಮಾನ್ಯವಾಗಿ ಭಾನುವಾರ ಒಂದೇ, ಅವತ್ತು ಶಾಲೆಯೂ ಮುಚ್ಚಿರುತ್ತದೆ. ಶಾರ್ಜಾದಲ್ಲಿ ಶುಕ್ರವಾರವೂ ಶಾಲೆಗೆ ರಜೆ. ಬೇರೆ ಕಡೆ ಶುಕ್ರವಾರ ಪ್ರಾರ್ಥನೆಗೆ ಮುಂಚೆಯೇ ಕಚೇರಿ ಮುಗಿಯುವುದರಿಂದ ಹತ್ತು ಗಂಟೆಯ ಮೇಲೆ ಹೊರಟರೆ ಕೆಲಸ ಆಗುವುದು ಕಷ್ಟ. ಇನ್ನೊಂದು ಗಮನಿಸಿ: ಈ ವರ್ಷಗಳಲ್ಲಿ ರಂಜಾನ್ ತಿಂಗಳು ಫೆಬ್ರವರಿ-ಮಾರ್ಚ್ ಸುಮಾರಿಗೆ ಬರುತ್ತಿದೆ, ಅಡ್ಮಿಶನ್ ಗಡಿಬಿಡಿಯೂ ಆಗಲೇ. ಆ ತಿಂಗಳು ಶಾಲೆಯ ಸಮಯ ಕಡಿಮೆಯಾಗುತ್ತದೆ, ಪೋಸ್ಟರ್‌ನಲ್ಲಿ ಬರೆದ 2 ಗಂಟೆ ನಡೆಯುವುದಿಲ್ಲ.

ಹಾಗಾಗಿ ಅರ್ಧ ದಿನ ರಜೆ ಹಾಕುವ ಮೊದಲು ಬೆಳಿಗ್ಗೆ ಒಂದು ಫೋನ್ ಮಾಡಿ ಮೂರೇ ಮಾತು ಕೇಳಿ. ನಮ್ಮ ತರಗತಿಯಲ್ಲಿ ಸೀಟು ಉಂಟಾ? ಟಿ.ಸಿ.ಗೆ ಯಾವ ಯಾವ ಮುದ್ರೆ ಬೇಕು, ಅದು ಬರುವವರೆಗೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತೀರಾ? ಅಪ್ಪನೇ ಬರಬೇಕಾ, ಅಮ್ಮ ಬಂದರೆ ಸಾಕಾ? ಮೂರನೆಯದಕ್ಕೆ "ಅಮ್ಮ ಸಾಕು" ಅಂದರೆ ಅಪ್ಪನ ಎಮಿರೇಟ್ಸ್ ಐಡಿ ಪ್ರತಿಯಲ್ಲಿ ನಡೆಯುತ್ತದಾ, ಮೂಲ ಕಾರ್ಡೇ ಬೇಕಾ ಅನ್ನುವುದನ್ನೂ ಕೇಳಿಬಿಡಿ. ಮೂಲ ಕಾರ್ಡೇ ಬೇಕು ಅಂದರೆ, ಅವತ್ತು ಅದನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕಾ ಅನ್ನುವುದಕ್ಕಿಂತ ಒಂದು ಗಂಟೆ ಪರ್ಮಿಶನ್ ಕೇಳಿ ಜೊತೆಗೆ ಹೋಗುವುದೇ ಒಳ್ಳೆಯದು.