ಜಾಲತಾಣದ ವಯಸ್ಸು ಕಂಪನಿಯ ಜಾತಕವಲ್ಲ

ಜಯನಗರದಲ್ಲೋ ಜೆ.ಪಿ. ನಗರದಲ್ಲೋ ನಿವೇಶನ ಕೊಳ್ಳುವವರು ಋಣಭಾರ ಪ್ರಮಾಣಪತ್ರ ನೋಡದೆ ಮುಂಗಡ ಕೊಡುವುದಿಲ್ಲ. ಅಷ್ಟೇ ಎಚ್ಚರದ ಜನ ನಿವೃತ್ತಿಯ ಹಣವನ್ನು ಹೂಡುವ ಮುನ್ನ ಈಗ ಇನ್ನೊಂದು ದಾಖಲೆಯನ್ನೂ ನೋಡುತ್ತಾರೆ. ಕಂಪನಿಯ ಜಾಲತಾಣದ ಹೆಸರು ಎಂದು ನೋಂದಣಿಯಾಯಿತು ಎಂಬುದೇ ಆ ದಾಖಲೆ. ಹೆಸರು ಹಳೆಯದಾದರೆ ಕಂಪನಿ ನಂಬಿಕಸ್ಥ, ಹೊಸದಾದರೆ ವಂಚಕ ಎಂಬುದು ಚಾಲ್ತಿಯಲ್ಲಿರುವ ಸೂತ್ರ. ಈ ಸೂತ್ರದ ಮೊದಲರ್ಧ ಅಪಾಯಕಾರಿ, ಎರಡನೆಯ ಅರ್ಧ ಅಪೂರ್ಣ.

ಈ ದಾಖಲೆ ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದದ್ದು. `Creation Date` ಎಂಬ ಸಾಲು ಆ ಹೆಸರು ಎಂದಿನಿಂದ ಯಾರದೋ ಹೆಸರಿನಲ್ಲಿ ಎಡೆಬಿಡದೆ ಉಳಿದುಬಂದಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಅಷ್ಟೂ ಕಾಲ ಒಬ್ಬರೇ ಇಟ್ಟುಕೊಂಡಿದ್ದರೆಂದಾಗಲೀ, ಅಲ್ಲಿ ಇದೇ ವ್ಯವಹಾರ ನಡೆದಿತ್ತೆಂದಾಗಲೀ ಅದು ಹೇಳುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೂಡಿಕೆ ಸಲಹಾ ಸಂಸ್ಥೆಯೊಂದು ತನ್ನ ಮುಖಪುಟದಲ್ಲಿ '1998ರಿಂದ ನಿಮ್ಮ ಸೇವೆಯಲ್ಲಿ' ಎಂದು ಬರೆದುಕೊಂಡಿದೆ. ದಾಖಲೆಯ ಪ್ರಕಾರ ಅದರ ಜಾಲತಾಣದ ಹೆಸರು ಹುಟ್ಟಿ ನಾಲ್ಕು ತಿಂಗಳಾಗಿದೆ. ಇಷ್ಟರಿಂದಲೇ ಅದು ಮೋಸ ಎನ್ನಲಾಗದು. ಸಂಸ್ಥೆ ಹೆಸರು ಬದಲಿಸಿಕೊಂಡಿರಬಹುದು. ಬಿ.ಟಿ.ಎಂ. ಬಡಾವಣೆಯ ಎಷ್ಟೋ ಪ್ರಾಮಾಣಿಕ ನವೋದ್ಯಮಗಳ ತಾಣಗಳಿಗೂ ವರ್ಷ ತುಂಬಿರುವುದಿಲ್ಲ. ಆದರೆ ಅವು 1998ರ ಮಾತಾಡುವುದಿಲ್ಲ. ಹಳೆಯ ಹೆಸರೇನು, ಹಳೆಯ ತಾಣ ಯಾವುದು ಎಂದು ಕೇಳಿದಾಗ ಉತ್ತರ ತಡವರಿಸಿದರೆ ಅನುಮಾನಕ್ಕೆ ಆಧಾರ ಸಿಕ್ಕಿತು. ಹೇಳಿಕೆಗೂ ದಾಖಲೆಗೂ ಇರುವ ಅಂತರವನ್ನು ತೋರಿಸುವುದೇ ಈ ದಿನಾಂಕದ ನಿಜವಾದ ಉಪಯೋಗ.

ಹಳೆಯ ದಿನಾಂಕ ಇಷ್ಟೂ ಉಪಕಾರ ಮಾಡುವುದಿಲ್ಲ, ಏಕೆಂದರೆ ಅದು ಮಾರಾಟಕ್ಕೆ ಸಿಗುತ್ತದೆ. ನವೀಕರಿಸದೆ ಬಿಟ್ಟ ಹೆಸರು ಪೂರ್ತಿ ರದ್ದಾಗಿ ಮತ್ತೆ ನೋಂದಣಿಯಾದರೆ ದಿನಾಂಕವೂ ಹೊಸದಾಗುತ್ತದೆ. ಆದರೆ ರದ್ದಾಗುವ ಮೊದಲೇ ಅದು ಹರಾಜಿನಲ್ಲಿ ಕೈಬದಲಾದರೆ ಹಳೆಯ ದಿನಾಂಕ ಹಾಗೆಯೇ ಉಳಿಯುತ್ತದೆ. ಹೀಗೆ, ಮುಚ್ಚಿಹೋದ ಪುಸ್ತಕದಂಗಡಿಯ ಹೆಸರನ್ನು ನಿನ್ನೆ ಕೊಂಡವನಿಗೂ ಎರಡು ದಶಕಗಳ ವಯಸ್ಸು ದಕ್ಕುತ್ತದೆ. ಇದನ್ನು ಪತ್ತೆಹಚ್ಚಲು `web.archive.org` ನೆರವಾದೀತು. ಆ ವಿಳಾಸದಲ್ಲಿ ಹಿಂದೆ ಏನಿತ್ತು ಎಂಬುದನ್ನು ವರ್ಷವಾರು ನೋಡಬಹುದು. ಆದರೆ ಎಲ್ಲ ತಾಣಗಳ ಹಳೆಯ ಪುಟಗಳೂ ಅಲ್ಲಿ ಇರುವುದಿಲ್ಲ.

ಮಾಲೀಕರ ವಿವರ ಮರೆಯಾಗಿರುವುದನ್ನೂ ಅಪರಾಧದ ಗುರುತೆಂದು ಬಗೆಯಬೇಕಿಲ್ಲ. ಯುರೋಪಿನ ಖಾಸಗಿತನ ಕಾನೂನು 2018ರ ಮೇ ತಿಂಗಳಲ್ಲಿ ಜಾರಿಯಾದ ಮೇಲೆ ನೋಂದಣಿದಾರರ ಹೆಸರು, ದೂರವಾಣಿಯನ್ನು ಮರೆಮಾಚುವುದು ವಾಡಿಕೆಯಾಗಿದೆ. ಹೆಸರು ಕಾಣಿಸಿದರೂ ಅದು ಬಹುಮಟ್ಟಿಗೆ ಅರ್ಜಿದಾರ ತಾನೇ ತುಂಬಿದ ವಿವರ. ಆತನ ವ್ಯವಹಾರಕ್ಕೆ ಸಿಕ್ಕ ಪ್ರಮಾಣಪತ್ರವಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿ ಸ್ಥಾಪನೆಯಾದ ದಿನ ಸಿಗುತ್ತದೆ. ಕಂಪನಿಯ 21 ಅಕ್ಷರಗಳ ಗುರುತು ಸಂಖ್ಯೆಯಲ್ಲೇ ರಾಜ್ಯದ ಸಂಕೇತವೂ ಸ್ಥಾಪನೆಯ ವರ್ಷವೂ ಅಡಗಿವೆ. ನಡುವೆ `KA2023` ಎಂದಿದ್ದರೆ 1998ರ ಮಾತನ್ನು ಪ್ರಶ್ನಿಸಲೇಬೇಕು. ಸಲಹಾ ಸಂಸ್ಥೆಯಾದರೆ ಸೆಬಿಯ ಪಟ್ಟಿಯಲ್ಲಿ ಅದರ ಹೆಸರಿರಬೇಕು. ಒಂದು ಎಚ್ಚರಿಕೆ: ನಕಲಿ ತಾಣವೂ ಅಸಲಿ ಕಂಪನಿಯ ಸಂಖ್ಯೆಯನ್ನೇ ಅಚ್ಚುಹಾಕಬಲ್ಲದು. ಆದ್ದರಿಂದ ತಾಣದಿಂದ ಪಟ್ಟಿಗೆ ಹೋಗುವ ಬದಲು, ಪಟ್ಟಿಯಲ್ಲಿರುವ ಸಂಪರ್ಕ ವಿಳಾಸದಿಂದ ಕಂಪನಿಯನ್ನು ತಲುಪುವುದು ಕ್ಷೇಮ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಈ ಕೆಲಸವನ್ನು ಸುಲಭಗೊಳಿಸಿದೆ. 2025ರ ಅಕ್ಟೋಬರ್ 31ರೊಳಗೆ `.bank.in` ಎಂಬ ವಿಳಾಸಕ್ಕೆ ಬದಲಾಗಬೇಕೆಂದು ಅದು ಬ್ಯಾಂಕುಗಳಿಗೆ ಸೂಚಿಸಿತು. ಇದು ಬ್ಯಾಂಕುಗಳಿಗಷ್ಟೇ ಮೀಸಲಾದ್ದರಿಂದ ಇಲ್ಲಿ ಹೆಸರಿನ ಬಾಲವೇ ಒಂದು ಪರಿಶೀಲನೆ.

ಆದರೆ ಆ ಪರಿಶೀಲನೆಯೂ ಗುರುತನ್ನು ಖಚಿತಪಡಿಸುತ್ತದೆಯೇ ಹೊರತು ಒಳಗಿನ ಲೆಕ್ಕವನ್ನಲ್ಲ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ನಕಲಿಯಾಗಿರಲಿಲ್ಲ. ಪರವಾನಗಿಯಿತ್ತು, ಕಚೇರಿಯಿತ್ತು, ಪರಿಚಿತ ಮುಖಗಳಿದ್ದವು. ಆದರೂ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು ₹35,000ಕ್ಕೆ ಮಿತಿಗೊಳಿಸಿದಾಗ ದಕ್ಷಿಣ ಬೆಂಗಳೂರಿನ ಎಷ್ಟೋ ಹಿರಿಯರ ಜೀವಮಾನದ ಉಳಿತಾಯ ಒಳಗೇ ಸಿಲುಕಿತು. ಜಾಲತಾಣದ ಯಾವ ದಾಖಲೆಯೂ ಅವರನ್ನು ಎಚ್ಚರಿಸಲು ಶಕ್ತವಾಗಿರಲಿಲ್ಲ. ಕೊಟ್ಟ ಸಾಲ ಯಾರ ಕೈಸೇರಿತು ಎಂಬುದು ನೋಂದಣಿಯ ದಿನಾಂಕದಲ್ಲಿ ಬರೆದಿರುವುದಿಲ್ಲ.

ಋಣಭಾರ ಪತ್ರ ನೋಡಿದ ಮೇಲೂ ಮೂಲಪತ್ರ ಕೇಳುವುದು, ವಕೀಲರಿಗೆ ತೋರಿಸುವುದು ನಮ್ಮ ಹಿರಿಯರು ಬಿಡದ ಪದ್ಧತಿ. ಜಾಲತಾಣದ ದಿನಾಂಕಕ್ಕೂ ಅದೇ ನ್ಯಾಯ. ಅದು ಸುಳ್ಳನ್ನು ಹಿಡಿದುಕೊಟ್ಟೀತು. ಸಾಚಾತನಕ್ಕೆ ಜಾಮೀನು ನಿಲ್ಲಲಾರದು.